ಹೊಟ್ಟೆಯಲ್ಲೊಂದು ಬೇಸಿಗೆಯ ಕಲ್ಲಂಗಡಿ

ಸೋಮವಾರ, ಮಾರ್ಚ್ 3

ಇಂಗ್ಲಿಷಿನಲ್ಲಿ ಬರೆದರೆ ರೂಮ್‌ಮೇಟ್ ಓದುತ್ತಾಳೆ. ಅರಬ್ಬಿಯಲ್ಲಿ ಬರೆದರೆ ಮೇಷ್ಟ್ರು ಓದುತ್ತಾರೆ. ಅದಕ್ಕೇ ಮನೆ ಮಾತಿನಲ್ಲಿ ಬರೀತಿದೀನಿ. ಸ್ಪೆಲಿಂಗ್ ಮಿಸ್ಟೇಕ್ ಇದ್ದರೆ ಇರಲಿ. ಆರನೇ ವಯಸ್ಸಿಗೇ ಹಾಸ್ಟೆಲ್ ಸೇರಿದವಳು ಇಷ್ಟು ಬರೆಯೋದೇ ದೊಡ್ಡದು.

ಭಾಷಾಂತರ ವಿಭಾಗದ ಮೊದಲ ವರ್ಷದವರಿಗೆ ಇವತ್ತಿಂದ ಪ್ರಾಕ್ಟಿಕಲ್. ನನಗೆ ಸಿಕ್ಕಿರೋದು ಆಸ್ಪತ್ರೆ, ಮೂರನೇ ಮಹಡಿ. ಪೇಷಂಟ್, ಅರಬ್ ನಾಡಿನಿಂದ ಬಂದು ಇಲ್ಲಿ ಗಡಿಯಾರ ರಿಪೇರಿ ಮಾಡೋ ಒಬ್ಬ ತಾತ. ಗಂಟಲಿನ ಆಪರೇಷನ್ ಆಗಿದೆ, ಮೂರು ವಾರ ಮಾತಾಡುವಂತಿಲ್ಲ. ಇಂಗ್ಲಿಷ್ ಕೇಳಿದರೆ ಅರ್ಥವಾಗುತ್ತೆ, ಬರೆಯೋಕೆ ಬರೋದಿಲ್ಲ. ಹಾಗಾಗಿ ಅವರು ಅರಬ್ಬಿಯಲ್ಲಿ ಚೀಟಿ ಬರೀತಾರೆ. ನಾನು ಇಂಗ್ಲಿಷಿಗೆ ತರಬೇಕು. ಸಿಂಪಲ್.

ನಮ್ಮ ವಿಭಾಗದ ಫಾರ್ಮಿಗೆ ನಾಲ್ಕು ಕಾಲಂ. ಒಂದರಲ್ಲಿ ಮೂಲ. ಎರಡರಲ್ಲಿ ಪದಕ್ಕೆ ಪದ. ಮೂರರಲ್ಲಿ ಅರ್ಥ. ನಾಲ್ಕರಲ್ಲಿ, ಅಂಥ ಹೊತ್ತಿನಲ್ಲಿ ಇಂಗ್ಲಿಷಿನವರು ತಾವಾಗಿ ಏನನ್ನುತ್ತಿದ್ದರೋ ಅದು. ಮೊದಲ ವರ್ಷದವರು ಎರಡನೇ ಕಾಲಂ ಮಾತ್ರ ತುಂಬಬೇಕು, ಉಳಿದದ್ದನ್ನು ಮುಟ್ಟಬಾರದು, ಅದು ಸೀನಿಯರ್ ಅಕ್ಕನ ಕೆಲಸ. ನನಗೆ ಈ ರೂಲ್ ತುಂಬಾ ಇಷ್ಟ. ಪದಕ್ಕೆ ಪದ ಹಾಕಿದರೆ ತಪ್ಪಾಗೋಕೆ ಚಾನ್ಸೇ ಇಲ್ಲ.

ಅಮ್ಮ ಫೋನ್ ಮಾಡಿದ್ದಳು. ಎಂದಿನಂತೆ ಕೊನೆಗೆ, "ನನ್ನ ಆಯಸ್ಸೂ ನಿನಗೇ ಇರಲಿ ಕಣೇ" ಅಂದಳು. ಯಾಕೆ ಹೀಗೆ ನೆಗೆಟಿವ್ ಆಗಿ ಮಾತಾಡ್ತಾಳೋ. ಬಿಪಿ ಚೆಕ್ ಮಾಡಿಸ್ಕೋ ಅಂತ ಹೇಳಿ ಇಟ್ಟೆ.

ಮಂಗಳವಾರ, ಮಾರ್ಚ್ 4

ಏಳು ಚೀಟಿ, ಏಳೂ ಸರಿಯಾಗಿ ತುಂಬಿದೆ.

ಇಂಜೆಕ್ಷನ್ ಹಾಕಿಸ್ಕೋತೀರಾ ಅಂತ ದೊಡ್ಡ ಸಿಸ್ಟರ್ ಕೇಳಿದಾಗ ತಾತ ಬರೆದದ್ದು: "ನನ್ನ ತಲೆಯ ಮೇಲೆ, ನನ್ನ ಕಣ್ಣಿನ ಮೇಲೆ." ಹಾಗೇ ಬರೆದುಕೊಟ್ಟೆ. ಮಧ್ಯಾಹ್ನ ಕಣ್ಣಿನ ಡಾಕ್ಟರ್ ಬಂದು ಟಾರ್ಚ್ ಹಾಕಿ ನೋಡಿ ಹೋದರು. ಇಲ್ಲಿ ಸರ್ವಿಸ್ ಚೆನ್ನಾಗಿದೆ.

ಚಿಕ್ಕ ಸಿಸ್ಟರ್ ಏನೋ ಜೋಕ್ ಮಾಡಿದಳು. ತಾತ ಭುಜ ಕುಣಿಸಿ ನಕ್ಕು ಬರೆದರು: "ಈ ಹುಡುಗಿಯ ರಕ್ತ ಹಗುರ." ಅದನ್ನೂ ಬರೆದುಕೊಟ್ಟೆ. ಚಿಕ್ಕ ಸಿಸ್ಟರ್ ಮುಖ ಸಪ್ಪೆ ಮಾಡಿಕೊಂಡು, "ಅಷ್ಟು ಬಿಳಿಚಿಕೊಂಡಿದೀನಾ?" ಅಂತ ಕನ್ನಡಿ ನೋಡಿಕೊಂಡಳು. ಸಂಜೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದಳಂತೆ.

ಗುರುವಾರ, ಮಾರ್ಚ್ 6

ಒಂದು ಡೌಟ್ ಇದೆ. ಬರೆದಿಟ್ಟಿರ್ತೀನಿ.

ಗಾಯ ಬೇಗ ಮಾಯ್ತಿದೆ ಅಂತ ಡಾಕ್ಟರ್ ಹೇಳಿದಾಗ ತಾತ ಬರೆದರು: "ನನ್ನ ಎದೆಗೆ ಹಿಮ ಸುರಿದಿರಿ." ತಕ್ಷಣ ಎದೆಯ ಎಕ್ಸ್‌ರೇ ತೆಗೆದರು. ಕಂಬಳಿ ಎರಡು ಹೆಚ್ಚಿಗೆ ಹೊದಿಸಿದರು. ತಾತ ಬೆವರುತ್ತಾ ನನ್ನನ್ನೇ ನೋಡಿದರು.

ಆಮೇಲೆ ದೊಡ್ಡ ಸಿಸ್ಟರ್ ನಳಿಕೆ ಬದಲಾಯಿಸುವಾಗ ಕೈ ನಡುಗಿತು. ತಾತ ಅವರಿಗೆ ಬರೆದರು: "ಹೊಟ್ಟೆಯಲ್ಲಿ ಬೇಸಿಗೆಯ ಕಲ್ಲಂಗಡಿ ಇಟ್ಟುಕೋ." ನಾನು ಬರೆದೆ. ಸಿಸ್ಟರ್ ಎರಡು ಸಲ ಓದಿದರು. "ಏನಮ್ಮಾ, ಇವರು ಕಲ್ಲಂಗಡಿ ತಿಂದಿದಾರಾ? ನಳಿಕೆಯಲ್ಲಿ ಆಹಾರ ಹೋಗ್ತಿರೋ ಮನುಷ್ಯ! ಯಾರು ಕೊಟ್ಟಿದ್ದು?" ಅಂದರು.

ನನಗೆ ಗೊತ್ತಿಲ್ಲ ಸಿಸ್ಟರ್, ನಾನು ಎರಡನೇ ಕಾಲಂ ಮಾತ್ರ ಅಂದೆ.

ಸ್ಕ್ಯಾನಿಂಗ್ ಆಯ್ತು. ಕಲ್ಲಂಗಡಿ ಸಿಗಲಿಲ್ಲ.

ಶುಕ್ರವಾರ, ಮಾರ್ಚ್ 7

ದೊಡ್ಡ ಎಡವಟ್ಟಾಗಿದೆ.

ಬೆಳಿಗ್ಗೆ ಚಿಕ್ಕ ಸಿಸ್ಟರ್ ತಾತನ ದಿಂಬು ಸರಿ ಮಾಡಿ, ಮೀಸೆ ಬಾಚಿಕೊಟ್ಟಳು. ತಾತ ಅವಳ ಕೈ ಹಿಡಿದು, ಕಣ್ಣು ತುಂಬಿಕೊಂಡು ಬರೆದುಕೊಟ್ಟದ್ದು ಒಂದೇ ಸಾಲು: "ನೀನೇ ನನ್ನನ್ನು ಹೂಳುವಂತಾಗಲಿ."

ನಾನು ಫಾರ್ಮ್ ತುಂಬಿದೆ. ಸಹಿ ಹಾಕಿದೆ.

ಅರ್ಧ ಗಂಟೆಯೊಳಗೆ ಮನಸ್ಸಿನ ಡಾಕ್ಟರ್ ಬಂದರು. ತಾತನ ಬೆಲ್ಟ್ ತಗೊಂಡರು. ಚಪ್ಪಲಿಯ ಪಟ್ಟಿ ಬಿಚ್ಚಿದರು. ಕೊನೆಗೆ, ಚೂಪಾಗಿದೆ ಅಂತ, ಪೆನ್ನನ್ನೂ ತಗೊಂಡರು. ತಾತನಿಗೆ ಬಾಯಿ ಇರೋದೇ ಪೆನ್ನಿನಲ್ಲಿ. ಬದಲಿಗೆ ಮಕ್ಕಳ ವಾರ್ಡಿನಿಂದ ಒಂದು ಮೇಣದ ಕಡ್ಡಿ ತಂದುಕೊಟ್ಟರು, ಹಸಿರು ಬಣ್ಣದ್ದು.

"ಸಾಯಬೇಕು ಅನ್ನಿಸ್ತಿದೆಯಾ?" ಡಾಕ್ಟರ್ ಕೇಳಿದರು. ತಾತ ಜೋರಾಗಿ ತಲೆ ಅಲ್ಲಾಡಿಸಿದರು. ಡಾಕ್ಟರ್ ಫೈಲಿನಲ್ಲಿ, "ಒಪ್ಪಿಕೊಳ್ಳುತ್ತಿಲ್ಲ" ಅಂತ ಬರೆದರು.

ಮುಂದಿನ ಗುರುವಾರ ಸಮಿತಿ ಕೂರುತ್ತೆ. ತಾತ ಅಂಗಡಿ ಮೇಲಿರುವ ತನ್ನ ಮನೆಗೆ ಹೋಗಬಹುದೋ, ಇಲ್ಲ ಮೂರು ತಿಂಗಳು ಬೀಗ ಹಾಕಿದ ಕಾವಲು ವಾರ್ಡಿಗೋ ಅಂತ ತೀರ್ಮಾನ ಮಾಡ್ತಾರೆ. ಅವರ ಮುಂದಿರೋದು ನನ್ನ ಫಾರ್ಮುಗಳು. ಮೂರು, ನಾಲ್ಕನೇ ಕಾಲಂ ಪೂರಾ ಖಾಲಿ. ಸೀನಿಯರ್ ಅಕ್ಕ ಸೋಮವಾರದಿಂದಲೇ ರಜೆಯಂತೆ. ಯಾರೂ ನನಗೆ ಹೇಳಿಲ್ಲ.

ಪದಕ್ಕೆ ಪದ ಎಲ್ಲ ಸರಿಯಾಗಿದೆ. ಇನ್ನೂ ಮೂರು ಸಲ ಚೆಕ್ ಮಾಡಿದೆ. ಒಂದು ತಪ್ಪೂ ಇಲ್ಲ.

ಶನಿವಾರ, ಮಾರ್ಚ್ 8

ಮೇಷ್ಟ್ರ ಹತ್ತಿರ ಹೋದೆ. ಅವರ ಮೇಜಿನ ಮೇಲೆ ಮೂರು ಮೊಹರುಗಳಿವೆ, ಒಂದೊಂದು ವರ್ಷದ ವಿದ್ಯಾರ್ಥಿಗಳಿಗೆ ಒಂದೊಂದು.

"ಸರ್, ಈ ತಾತ ನಿಜವಾಗಿ ಏನು ಹೇಳ್ತಿದಾರೆ?"

"ಅದು ಮೂರನೇ ಕಾಲಂ ಪ್ರಶ್ನೆ. ನೀನು ಎರಡನೇ ಕಾಲಂ ವಿದ್ಯಾರ್ಥಿ."

"ಹಾಗಾದರೆ ನೀವಾದರೂ ತುಂಬಿಕೊಡಿ ಸರ್."

ಅವರು ಚೀಟಿಗಳನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. "ನಾನು ಶಾಸನಗಳ ಅರಬ್ಬಿ ಓದಿದವನು. ಇದು ಬೀದಿ ಮಾತು. ಕಲ್ಲಂಗಡಿ..." ಅಂತ ನಿಲ್ಲಿಸಿ, "ಸೀನಿಯರ್ ಬರಲಿ" ಅಂದರು.

"ಯಾವಾಗ ಬರ್ತಾಳೆ ಸರ್?"

"ಹದಿನೇಳಕ್ಕೆ."

ಸಮಿತಿ ಹದಿಮೂರಕ್ಕೆ. ಮೇಷ್ಟ್ರು ನನಗೆ ಕೈ ಕೊಟ್ಟರು. ಇದನ್ನ ಪದಕ್ಕೆ ಪದ ಇಂಗ್ಲಿಷಿಗೆ ಹಾಕಿದರೆ ನಾವಿಬ್ಬರೂ ಶೇಕ್‌ಹ್ಯಾಂಡ್ ಮಾಡಿದ ಹಾಗಾಗುತ್ತೆ. ತಮಾಷೆ. ಬರೆದ ಮೇಲೆ ಹೊಳೀತು.

ಸೋಮವಾರ, ಮಾರ್ಚ್ 10

ತಾತನನ್ನೇ ಕೇಳೋಣ ಅಂತ ಹೋದೆ. ಮೊದಲೇ ಕೇಳಬಹುದಿತ್ತು. ಒಂದು ವಾರ ಅವರ ಮಂಚದ ಪಕ್ಕದಲ್ಲೇ ಕೂತಿದ್ದು, ಅವರ ಮುಖ ನೋಡದೆ ಚೀಟಿ ನೋಡ್ತಿದ್ದೆ.

ಮಂಚದ ಹತ್ತಿರ ತಟ್ಟೆ ತುಂಬ ಏಪ್ರಿಕಾಟ್ ಹಣ್ಣು. ಭಾನುವಾರ ಬಂದ ಡಾಕ್ಟರ್, "ಕಾವಲು ವಾರ್ಡಿಗೆ ನೀವಾಗಿಯೇ ಒಪ್ಪಿ ಹೋಗ್ತೀರಾ? ಯಾವಾಗ?" ಅಂತ ಕೇಳಿದ್ದರಂತೆ. ತಾತ ಹಸಿರು ಕಡ್ಡಿಯಲ್ಲಿ ಬರೆದರಂತೆ: "ಏಪ್ರಿಕಾಟಿನಲ್ಲಿ." ಯಾರೋ ಫೋನಿನಲ್ಲಿ ನೋಡಿ ಪದಕ್ಕೆ ಪದ ಓದಿದರು. ಅಡಿಗೆಮನೆಯವರು ಹಣ್ಣು ಕಳಿಸಿದರು.

"ತಾತಾ, ನನ್ನದು ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ" ಅಂತ ನಮ್ಮ ಮಾತಿನಲ್ಲೇ ಬಾಯಿಂದ ಬಂದುಬಿಡ್ತು. ಅವರಿಗೆ ಅದು ಬರೋದಿಲ್ಲ. ಏನು ಅನ್ನೋ ಹಾಗೆ ಹುಬ್ಬೇರಿಸಿದರು. ಅರಬ್ಬಿಯಲ್ಲಿ ಪದಕ್ಕೆ ಪದ ಹೇಳಿದೆ: ನನ್ನ ತಪ್ಪನ್ನು ನಿಮ್ಮ ಹೊಟ್ಟೆಯೊಳಗೆ ಹಾಕಿಕೊಳ್ಳಿ.

ತಾತ ತಮ್ಮ ಹೊಟ್ಟೆ ನೋಡಿಕೊಂಡರು. ನನ್ನನ್ನು ನೋಡಿದರು. ಹಸಿರು ಕಡ್ಡಿ ತಗೊಂಡು ದೊಡ್ಡ ಅಕ್ಷರದಲ್ಲಿ ಬರೆದರು: "ಕಲ್ಲಂಗಡಿಯ ಪಕ್ಕದಲ್ಲಾ?"

ಇಬ್ಬರೂ ಎಷ್ಟು ನಕ್ಕೆವು ಅಂದರೆ ಅವರ ಮಾನಿಟರ್ ಕೂಗಿಕೊಳ್ತು, ಚಿಕ್ಕ ಸಿಸ್ಟರ್ ಓಡಿ ಬಂದಳು.

ಮಂಗಳವಾರ, ಮಾರ್ಚ್ 11

ಪೂರ್ತಿ ದಿನ ತಾತನ ಜೊತೆ. ಬರೆದು, ಅಭಿನಯಿಸಿ, ಕಣ್ಣು ಉರುಳಿಸಿ ಹೇಳಿಕೊಟ್ಟರು. ಮರೆಯೋ ಮೊದಲು ಬರೆದಿಡ್ತೀನಿ.

ಏಪ್ರಿಕಾಟ್ ಸುಗ್ಗಿ ಅವರ ಊರ ಕಡೆ ಕೆಲವೇ ದಿನ. ಹಣ್ಣು ಬಂತು ಅನ್ನೋಷ್ಟರಲ್ಲಿ ಮುಗಿದಿರುತ್ತೆ. "ಏಪ್ರಿಕಾಟಿನಲ್ಲಿ" ಅಂದರೆ ಆ ದಿನ ಬರೋದೇ ಇಲ್ಲ ಅಂತ. ಇಂಗ್ಲಿಷಿನವರು ಇಂಥ ಹೊತ್ತಿನಲ್ಲಿ ಹಂದಿ ಹಾರುವಾಗ ಅಂತಾರೆ. ಹಾಗೇ ಬರೆದು ತಾತನಿಗೆ ತೋರಿಸಿದೆ. ಅವರು ಹಂದಿಯನ್ನು ಹಸಿರು ಕಡ್ಡಿಯಿಂದ ಹೊಡೆದುಹಾಕಿದರು. ಜೀವಮಾನದಲ್ಲಿ ಹಂದಿ ಮುಟ್ಟದ ಮನುಷ್ಯನ ಬಾಯಿಗೆ ಹಂದಿ ತುರುಕೋದಾ! ಇಂಗ್ಲಿಷಿನಲ್ಲಿ ಇನ್ನೊಂದಿದೆ: ಉಸಿರು ಬಿಗಿಹಿಡಿದು ಕಾಯಬೇಡಿ. ಗಂಟಲಿಗೆ ನಳಿಕೆ ಹಾಕಿಕೊಂಡವರ ಬಾಯಲ್ಲಿ ಅದನ್ನ ಹಾಕಿದರೆ ಆಕ್ಸಿಜನ್ ತರ್ತಾರೆ. ಕೊನೆಗೆ ಯಾವ ಚಿತ್ರವೂ ಬೇಡ, "ಬಿಲ್‌ಕುಲ್ ಇಲ್ಲ" ಅನ್ನೋದರ ಇಂಗ್ಲಿಷ್ ಹಾಕಿದೆ. ಚಪ್ಪೆ. ಆದರೆ ಅಡಿಗೆಮನೆಗೆ ಕೆಲಸ ಕೊಡಲ್ಲ.

ಎದೆಗೆ ಹಿಮ ಸುರಿಯೋದು ಅಂದರೆ ಬಹಳ ಸಂತೋಷ ಕೊಡೋದು. ಇದೇ ಹೊತ್ತಿನಲ್ಲಿ ಇಂಗ್ಲಿಷಿನವರು ಎದೆ ಬೆಚ್ಚಗಾಯ್ತು ಅಂತಾರೆ! ಬಿಸಿಲ ನಾಡಿನವರಿಗೆ ತಂಪು ಸುಖ, ಚಳಿ ನಾಡಿನವರಿಗೆ ಬೆಚ್ಚಗಿರೋದು ಸುಖ. ಪದ ಉಳಿಸಿಕೊಂಡರೆ ನ್ಯುಮೋನಿಯಾ, ಪದ ಬಿಟ್ಟರೆ ಸಂತೋಷ. ನಾಲ್ಕನೇ ಕಾಲಂನಲ್ಲಿ "ಬೆಚ್ಚಗಾಯ್ತು" ಅಂತಲೇ ಹಾಕಿದೆ. ಹಿಮವನ್ನ ಬೆಂಕಿ ಮಾಡಿದ್ದು ನಾನೇ, ಆದರೂ ಅದೇ ಸರಿ.

ರಕ್ತ ಹಗುರ ಅಂದರೆ ಲವಲವಿಕೆ, ತಮಾಷೆಯ ಸ್ವಭಾವ. ಚಿಕ್ಕ ಸಿಸ್ಟರ್‌ಗೆ ಹೇಳಿದೆ. "ಅಯ್ಯೋ, ಒಂದು ವಾರದಿಂದ ಐರನ್ ಮಾತ್ರೆ ನುಂಗ್ತಿದೀನಲ್ಲೇ!" ಅಂತ ಬೆನ್ನಿಗೊಂದು ಗುದ್ದಿದಳು.

ಕಲ್ಲಂಗಡಿ ಅಂದರೆ ಚಿಂತೆ ಬಿಡು, ಒಳಗೆ ತಣ್ಣಗಿರು ಅಂತ. ತಣ್ಣಗಿರೋ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಸೌತೆಕಾಯಿ ಹೋಲಿಕೆ ಇದೆ. ಹಣ್ಣಿಗೆ ಕಾಯಿ ಸಿಕ್ತು ಅಂತ ಕುಣಿದೆ. ಆದರೆ ಅದು ಮೊದಲೇ ತಣ್ಣಗಿರೋನನ್ನ ವರ್ಣಿಸೋ ಮಾತು, ಹೆದರಿದವರಿಗೆ ಧೈರ್ಯ ಹೇಳೋದಲ್ಲ. ಹೊಡೆದುಹಾಕಿದೆ. "ನಿಶ್ಚಿಂತೆಯಾಗಿರಿ" ಅನ್ನೋದರ ಇಂಗ್ಲಿಷ್ ಸಾಕು.

ಒಂದು ಚೀಟಿ ಮಾತ್ರ ಗಾದೆ. ತಾಯಿಯ ಕಣ್ಣಿಗೆ ಕೋತಿಯೂ ಜಿಂಕೆಯೇ ಅಂತ. ಅಮ್ಮನೂ ಇಂಥದ್ದೇ ಒಂದು ಹೇಳ್ತಾಳೆ, ಅದರಲ್ಲಿ ಕೋತಿ ಬದಲು ಹೆಗ್ಗಣ. ಇಂಗ್ಲಿಷಿನಲ್ಲಿ ಹತ್ತಿರದ ಮಾತೊಂದಿದೆ, ತಾಯಿ ಮಾತ್ರ ಪ್ರೀತಿಸಬಹುದಾದ ಮುಖ ಅಂತ, ಆದರೆ ಅದು ಮಗುವಿನ ಮುಖವನ್ನ ಆಡಿಕೊಳ್ಳುತ್ತೆ. ತಾತನದೂ ಅಮ್ಮನದೂ ತಾಯಿಯ ಕಣ್ಣಿನ ವಿಷಯ. ಒಂದೇ ಥರ ಕಂಡರೂ ಒಂದೇ ಅಲ್ಲ. ಆ ಚೀಟಿಗೆ ಅರ್ಥವಷ್ಟೇ ಬರೆದು ನಾಲ್ಕನೆಯದನ್ನು ಖಾಲಿ ಬಿಟ್ಟೆ.

ಹೂಳುವ ಚೀಟಿಗೆ ಬಂದಾಗ ತಾತ ಅಭಿನಯ ನಿಲ್ಲಿಸಿದರು. ತುಂಬ ಹೊತ್ತು ಬರೆದರು: "ನನ್ನ ಹೆಂಡತಿ ದಿನಾ ಹೇಳ್ತಿದ್ದಳು. ನೀನು ನನಗಿಂತ ಹೆಚ್ಚು ಬಾಳು, ನೀನಿಲ್ಲದ ಒಂದು ದಿನವನ್ನೂ ನಾನು ನೋಡೋದು ಬೇಡ ಅಂತ ಅರ್ಥ. ಸಾವಿನ ಮಾತಲ್ಲ ಮಗಳೇ, ಮುದ್ದು ಮಾಡೋ ಮಾತು." ಸ್ವಲ್ಪ ಬಿಟ್ಟು, ಕೆಳಗೆ: "ಅವಳ ಮಾತು ನಡೆದುಹೋಯ್ತು."

ಇದಕ್ಕೆ ಇಂಗ್ಲಿಷಿನಲ್ಲಿ ಏನಿದೆ? ಡಾರ್ಲಿಂಗ್? ಅಂಗಡಿಯವರೂ ಅಂತಾರೆ. ಕಾಲಂ ಇನ್ನೂ ಖಾಲಿ.

ಬುಧವಾರ, ಮಾರ್ಚ್ 12

ಏನೂ ಹೊಳೀತಿಲ್ಲ. ನಾಳೆ ಸಮಿತಿ. ಊಟ ಸೇರ್ತಿಲ್ಲ.

ಅಮ್ಮ ಫೋನ್ ಮಾಡಿದಳು. "ಯಾಕೇ, ದನಿ ಬಾಡಿದೆ?" ಅಂದಳು. ಎಲ್ಲಾ ಹೇಳಿದೆ. ಹೂಳುವ ಮಾತು ಹೇಳಿದೆ. ಅಮ್ಮ ಒಂದು ಚೂರೂ ಗಾಬರಿಯಾಗಲಿಲ್ಲ.

"ಅದರಲ್ಲೇನಿದೆ? ಪಾಪ, ಎಷ್ಟು ಚೆನ್ನಾಗಿ ಹೇಳಿದಾರೆ."

"ನಿನಗೆ ಹೇಗೆ ಅರ್ಥ ಆಯ್ತು?"

"ನಾನು ದಿನಾ ನಿನಗೆ ಹೇಳೋದು ಮತ್ತೇನೇ? ನನ್ನ ಆಯಸ್ಸೂ ನಿನಗೇ ಇರಲಿ ಅಂತ. ಹನ್ನೆರಡು ವರ್ಷದಿಂದ ಬಿಪಿ, ಬಿಪಿ ಅಂತ ಫೋನ್ ಇಡ್ತೀಯ."

ಲೈನ್ ಕಟ್ಟಾಯ್ತೇನೋ ಅಂತ ಅಮ್ಮ ನಾಲ್ಕು ಸಲ ಹಲೋ ಅಂದಳು.

ಗುರುವಾರ, ಮಾರ್ಚ್ 13

ಬೆಳಿಗ್ಗೆ ಹತ್ತಕ್ಕೆ, ಉದ್ದನೆ ಮೇಜು. ಮನಸ್ಸಿನ ಡಾಕ್ಟರ್, ದೊಡ್ಡ ಸಿಸ್ಟರ್, ಫೈಲಿನ ಗುಮಾಸ್ತ. ಚಕ್ರದ ಕುರ್ಚಿಯಲ್ಲಿ ತಾತ, ಬೆಲ್ಟಿಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು. ನನ್ನ ಜೀವ ಬಾಯಿಗೆ ಬಂದಿತ್ತು.

ತುಂಬಿದ ಫಾರ್ಮುಗಳನ್ನು ಕೊಟ್ಟೆ. ಗುಮಾಸ್ತ ಬೆರಳಿಟ್ಟು ಎಣಿಸಿದ. "ಎರಡನೇ ಕಾಲಂನಲ್ಲಿ ಕಲ್ಲಂಗಡಿ ಇದೆ. ನಾಲ್ಕನೆಯದರಲ್ಲಿ ಕಲ್ಲಂಗಡಿ ಎಲ್ಲಿ ಹೋಯ್ತು?"

"ಅದರ ಕೆಲಸ ಮುಗೀತು ಸರ್, ಹೋಯ್ತು."

"ದಾಖಲೆಯಿಂದ ಒಂದು ಹಣ್ಣು ಹಾಗೆಲ್ಲ ಹೋಗೋಕಾಗಲ್ಲ. ನಿನಗೆ ಈ ಕಾಲಂ ತುಂಬೋ ಅಧಿಕಾರ ಇದೆಯಾ?"

"ಇಲ್ಲ ಸರ್."

"ಮತ್ತೆ?"

"ಅಧಿಕಾರ ಇರೋರು ರಜೆಯಲ್ಲಿದಾರೆ. ತಾತ ಇಲ್ಲೇ ಇದಾರೆ."

ಡಾಕ್ಟರ್ ಕೈ ಎತ್ತಿದರು. "ಹಣ್ಣು ಬಿಡಿ. ಈ ಹೂಳೋ ಮಾತಿದೆಯಲ್ಲ. ಇದು ಪ್ರೀತಿಯ ಮಾತು ಅಂತ ಬರೆದಿದೀಯ. ಪ್ರೀತಿ ಇರೋ ಮನುಷ್ಯ ಹೆಣದ ಮಾತು ಯಾಕೆ ಆಡ್ತಾನೆ? ನನಗೆ ಅರ್ಥ ಆಗೋ ಹಾಗೆ ಹೇಳು."

ಅವರ ಫೈಲಿನ ಪಕ್ಕ ಫೋನ್ ಇತ್ತು. ತೆರೆಯ ಮೇಲೆ ಒಂದು ಮಗು, ಹಲ್ಲಿಲ್ಲದ ಬಾಯಿ ತೆರೆದು ನಗ್ತಿತ್ತು.

"ಮೊಮ್ಮಗಳಾ ಸರ್?"

"ಹೌದು. ಯಾಕೆ?"

"ಅವಳನ್ನ ಎತ್ತಿಕೊಂಡಾಗ ಏನಂತೀರಿ ಸರ್?"

ಡಾಕ್ಟರ್ ಮುಖ ಕೆಂಪಗಾಯ್ತು. ದೊಡ್ಡ ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು, "ಫೋನಿನಲ್ಲಿ ಕೂಗ್ತಿರ್ತಾರಲ್ಲ, ವಾರ್ಡಿಗೆಲ್ಲಾ ಕೇಳುತ್ತೆ. 'ತಿಂದುಬಿಡ್ತೀನಿ ನಿನ್ನ' ಅಂತ" ಅಂದರು.

"ಅದನ್ನ ನಾನು ಎರಡನೇ ಕಾಲಂನಲ್ಲಿ ಬರೆದು, ಸಹಿ ಹಾಕಿ, ಪೊಲೀಸರಿಗೆ ಕೊಡ್ತೀನಿ ಸರ್. ಪದಕ್ಕೆ ಪದ. ಒಂದು ತಪ್ಪೂ ಇರಲ್ಲ."

ಗುಮಾಸ್ತ ಪೆನ್ನು ಹಿಡಿದು, ಇದನ್ನ ದಾಖಲಿಸಬೇಕಾ ಅಂತ ಡಾಕ್ಟರ್ ಮುಖ ನೋಡಿದ.

"ಬೇಡ" ಅಂದರು ಡಾಕ್ಟರ್, ಬೇಗ.

ಆಮೇಲೆ ನಾಲ್ಕನೇ ಕಾಲಂ ಓದಿದರು. ಅಲ್ಲಿ ನಾನು ಬೆಳಿಗ್ಗೆ ಬರೆದದ್ದು ಡಾರ್ಲಿಂಗ್ ಅಲ್ಲ. ತಿಂದುಬಿಡುವ ಮಾತೂ ಅಲ್ಲ, ಅಜ್ಜನ ವಯಸ್ಸಿನವರು ನರ್ಸಿಗೆ ಹಾಗನ್ನೋದು ಚೆನ್ನಾಗಿರಲ್ಲ. ಅಮ್ಮನ ಮಾತನ್ನ ಇಂಗ್ಲಿಷಿಗೆ ತಿರುಗಿಸಿದ್ದೆ: ನನ್ನ ಪಾಲಿನ ದಿನಗಳೂ ನಿನಗೇ ಸೇರಲಿ, ಮಗಳೇ. ಇಂಗ್ಲಿಷಿನವರು ಹೀಗೆ ಹೇಳಲ್ಲ, ಗೊತ್ತು. ಕಾಲಂನ ರೂಲ್ ಮುರಿದೆ. ಆದರೆ ಓದಿದರೆ ಯಾರಿಗೂ ಬೆಲ್ಟ್ ಕಿತ್ತುಕೊಳ್ಳೋಣ ಅನ್ನಿಸಲ್ಲ.

ಡಾಕ್ಟರ್ ಎರಡು ಸಲ ಓದಿದರು. ಜೇಬಿನಿಂದ ತಮ್ಮ ಪೆನ್ನು ತೆಗೆದು ತಾತನ ಮುಂದಿಟ್ಟರು. "ಮನೆಗೆ ಹೋಗಬೇಕಾ?"

ತಾತ ಪೆನ್ನು ಹಿಡಿದು, ಒಂದು ಗಳಿಗೆ ಸುಮ್ಮನೆ ಅದರ ಮೊನೆ ನೋಡಿದರು. ಬರೆದರು. ಎಲ್ಲರೂ ನನ್ನ ಕಡೆ ತಿರುಗಿದರು.

"ಏನಂತೆ?"

ತಲೆಯ ಮೇಲೆ, ಕಣ್ಣಿನ ಮೇಲೆ ಅಂತ ಇತ್ತು.

"ಖಂಡಿತ, ಸಂತೋಷವಾಗಿ ಅಂತಿದಾರೆ ಸರ್" ಅಂದೆ. ಫಾರ್ಮ್ ತೆಗೆಯಲೇ ಇಲ್ಲ.

ಶನಿವಾರ, ಮಾರ್ಚ್ 15

ತಾತನನ್ನ ಮನೆಗೆ ಬಿಟ್ಟು ಬಂದೆವು, ಚಿಕ್ಕ ಸಿಸ್ಟರ್ ಮತ್ತು ನಾನು. ಅಂಗಡಿಯ ಬಾಗಿಲು ತೆಗೆದರೆ ನಿಂತುಹೋದ ಗಡಿಯಾರಗಳ ಗೋಡೆ. ಒಂದೊಂದು ಒಂದೊಂದು ಹೊತ್ತು ತೋರಿಸ್ತಿತ್ತು. ತಾತ ಬೆಲ್ಟ್ ಬಿಗಿ ಮಾಡಿಕೊಂಡು, ಸ್ಟೂಲ್ ಎಳೆದುಕೊಂಡು, ಒಂದೊಂದಕ್ಕೇ ಕೀಲಿ ಕೊಡುತ್ತಾ ಹೋದರು. ಅಂಗಡಿಗೆ ಜೀವ ಬಂತು.

ಹೊರಡುವಾಗ ಚಿಕ್ಕ ಸಿಸ್ಟರ್, "ಮತ್ತೆ ನಮ್ಮ ಆಸ್ಪತ್ರೆಗೆ ಯಾವಾಗ ಬರ್ತೀರಾ ತಾತ?" ಅಂತ ರೇಗಿಸಿದಳು.

ಚೀಟಿ ಬಂತು. ಅವಳೇ ನನ್ನ ಕೈಯಿಂದ ಕಿತ್ತುಕೊಂಡಳು. ಆ ಒಂದು ಪದವನ್ನ ಫೈಲಿನಲ್ಲಿ ನೋಡಿ ನೋಡಿ ಅವಳಿಗೆ ಅದರ ಗುರುತು ಸಿಕ್ಕಿತ್ತು. "ಏಪ್ರಿಕಾಟ್!" ಅಂತ ಕೂಗಿದಳು.

ನನಗೊಂದು ಚೀಟಿ ಬೇರೆಯಾಗಿ ಮಡಿಸಿ ಕೊಟ್ಟರು. ಬಸ್ಸಿನಲ್ಲಿ ಬಿಚ್ಚಿ ನೋಡಿದೆ. ಅದೇ ಹೂಳುವ ಸಾಲು, ಅವತ್ತು ಚಿಕ್ಕ ಸಿಸ್ಟರ್‌ಗೆ ಬರೆದದ್ದು. ಹಸಿರು ಮೇಣದ ಕಡ್ಡಿಯಲ್ಲಿ.

ಮಂಗಳವಾರ, ಮಾರ್ಚ್ 18

ಸೀನಿಯರ್ ಅಕ್ಕ ರಜೆ ಮುಗಿಸಿ ಬಂದಿದಾಳೆ. ಮೇಷ್ಟ್ರು ನನ್ನ ಫಾರ್ಮುಗಳನ್ನ ನೋಡಿ ಕೆಂಡಾಮಂಡಲವಾದರು. ಅಧಿಕಾರವಿಲ್ಲದೆ ಎರಡು ಕಾಲಂ ತುಂಬಿದ್ದಕ್ಕೆ ಪ್ರಾಕ್ಟಿಕಲ್‌ನಲ್ಲಿ ಸೊನ್ನೆ, ಮುಂದಿನ ಟರ್ಮ್ ಮತ್ತೆ ಮಾಡಬೇಕಂತೆ. ಒಂದು ಗಂಟೆ ತಲೆ ತಿಂದರು. ಹೋಗಲಿ ಬಿಡು, ಮತ್ತೆ ಮಾಡಿದರಾಯ್ತು. ಹಸಿವಾಗಿತ್ತು, ಕ್ಯಾಂಟೀನಿಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಅದಕ್ಕೂ ಮೊದಲು, ನಾನು ಹೊರಡುವಾಗ, ಮೇಷ್ಟ್ರು ಬಾಗಿಲ ತನಕ ಬಂದು ದನಿ ತಗ್ಗಿಸಿ, "ಆ ಕಲ್ಲಂಗಡಿಯದು... ಏನಂತೆ ಅರ್ಥ?" ಅಂತ ಕೇಳಿದರು. ಹೇಳಿದೆ. ಅವರು ತಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಒಳಗೆ ಹೋದರು.

ಸಂಜೆ ಅಮ್ಮನ ಫೋನ್. ತಾತನ ಅಂಗಡಿ, ಗಡಿಯಾರ, ಸೊನ್ನೆ, ಎಲ್ಲಾ ವರದಿ ಒಪ್ಪಿಸಿದೆ. ಅಮ್ಮನಿಗೆ ನಕ್ಕು ನಕ್ಕು ಕೆಮ್ಮು ಬಂತು. "ಹೊಟ್ಟೆ ತಣ್ಣಗಿರಲಿ ನಿಂದು, ನನ್ನ ಆಯಸ್ಸೂ ನಿನಗೇ ಇರಲಿ ಕಣೇ" ಅಂದಳು.

"ನೀನೇನೂ ಕೊಡೋದು ಬೇಡ, ಅರ್ಧ ಇಟ್ಕೋ" ಅಂದೆ. ಆಮೇಲೂ ಬಹಳ ಹೊತ್ತು ಮಾತಾಡಿದೆವು, ಏನಂತ ನೆನಪಿಲ್ಲ.

ಬಿಪಿ ಕೇಳೋದು ಮರೆತೆ. ನಾಳೆ ಕೇಳಬೇಕು.